ಪದಚರ್ಚೆ: ‘ನಿರಪಾಯ ಗಡ್ಡೆ’, ‘ಮಾರಕ ಗಡ್ಡೆ’ ಎನ್ನಬಹುದೇ?

ಪ್ರಶ್ನೆ
ರೋಗಿಗಳಿಗಾಗಿ ಬರೆದ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ಬಿನೈನ್ ಟ್ಯೂಮರಿಗೆ ‘ನಿರಪಾಯ ಗಡ್ಡೆ’, ಮ್ಯಾಲಿಗ್ನೆಂಟಿಗೆ ‘ಮಾರಕ ಗಡ್ಡೆ’ ಎಂದು ಹಾಕುತ್ತಾ ಬಂದೆ. ಥೈರಾಯ್ಡ್ ಅಧ್ಯಾಯದಲ್ಲಿ ತೊಡಕಾಯಿತು. ಫಾಲಿಕ್ಯುಲರ್ ಅಡಿನೋಮಾ ಬಿನೈನ್, ಫಾಲಿಕ್ಯುಲರ್ ಕಾರ್ಸಿನೋಮಾ ಮ್ಯಾಲಿಗ್ನೆಂಟ್, ಆದರೆ ಸೂಜಿ ಪರೀಕ್ಷೆಯಲ್ಲಿ ಯಾವುದು ಯಾವುದೆಂದು ತಿಳಿಯದು ಎಂದಿದೆ. ಹಾಗಾದರೆ ಈ ಪದಗಳು ಕೋಶದ ರೂಪವನ್ನು ಹೇಳುತ್ತವೆಯೋ, ನಡತೆಯನ್ನೋ?

ಜೀವಶಾಸ್ತ್ರದ ಮೇಷ್ಟ್ರು
ರೂಪವನ್ನೇ. ಬಿನೈನ್ ಕೋಶಗಳು ತಾವು ಹುಟ್ಟಿದ ಅಂಗದ ಕೋಶಗಳಂತೆಯೇ ಇರುತ್ತವೆ. ಮ್ಯಾಲಿಗ್ನೆಂಟ್ ಆದರೆ ನ್ಯೂಕ್ಲಿಯಸ್ ದೊಡ್ಡದು, ಬಣ್ಣ ಗಾಢ, ಒಂದರಂತೆ ಇನ್ನೊಂದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದೊಡನೆ ಗೊತ್ತಾಗುತ್ತದೆ.

ಪೆಥಾಲಜಿಸ್ಟ್
ಮೇಷ್ಟ್ರೇ, ಬಹಳಷ್ಟು ಅಂಗಗಳಲ್ಲಿ ನಿಮ್ಮ ಮಾತು ನಡೆಯುತ್ತದೆ, ಈ ಗಡ್ಡೆಯಲ್ಲಿ ನಡೆಯುವುದಿಲ್ಲ. ಅಡಿನೋಮಾದಲ್ಲೂ ಅಲ್ಲಲ್ಲಿ ವಿಕಾರವಾದ ದೊಡ್ಡ ನ್ಯೂಕ್ಲಿಯಸ್ ಸಿಗುತ್ತದೆ. ಕಾರ್ಸಿನೋಮಾದ ಕೋಶಗಳು ತೀರಾ ಸೌಮ್ಯವಾಗಿ ಕಾಣಬಹುದು.

3 ಸೆಂಟಿಮೀಟರಿನ ಗಂಟು ಎಂದುಕೊಳ್ಳಿ. ಸೂಜಿಯಲ್ಲಿ ಬಂದ ಕೋಶಗಳನ್ನು ನೋಡಿ ‘ಫಾಲಿಕ್ಯುಲರ್ ನಿಯೋಪ್ಲಾಸಮ್’ ಎಂದಷ್ಟೇ ಬರೆಯುತ್ತೇವೆ, ಏಕೆಂದರೆ ಉತ್ತರ ಇರುವುದು ಗಂಟಿನ ಸುತ್ತಲಿನ ನಾರಿನ ಕವಚದಲ್ಲಿ, ಅದು ಸೂಜಿಗೆ ಸಿಗುವುದಿಲ್ಲ. ಥೈರಾಯ್ಡಿನ ಆ ಬದಿಯನ್ನು ತೆಗೆದ ಮೇಲೆ ಕವಚವನ್ನು ಸುತ್ತಲೂ ಕತ್ತರಿಸಿ ಪರೀಕ್ಷಿಸುತ್ತೇವೆ. ಕೋಶಗಳು ಕವಚವನ್ನು ಪೂರ್ತಿ ತೂರಿ ಹೊರಬಂದಿದ್ದರೆ, ಇಲ್ಲವೇ ಕವಚದ ರಕ್ತನಾಳದೊಳಗೆ ನುಗ್ಗಿದ್ದರೆ ಅದು ಕಾರ್ಸಿನೋಮಾ. ರಕ್ತನಾಳ ಹೊಕ್ಕಿದ್ದು ಮುಂದೆ ಶ್ವಾಸಕೋಶ, ಮೂಳೆಗಳಿಗೆ ಹೋಗಬಹುದು. ಎರಡೂ ಇಲ್ಲವಾದರೆ ಅಡಿನೋಮಾ. ಹಿಂದೆ ಸೂಜಿ ಚುಚ್ಚಿದ ಜಾಗದಲ್ಲಿ ಕವಚ ಹರಿದು, ನುಗ್ಗಿದಂತೆಯೇ ಕಾಣುವುದುಂಟು. ಪಕ್ಕದಲ್ಲಿ ಹಳೆಯ ರಕ್ತಸ್ರಾವದ ಗುರುತು, ಕಲೆಗಟ್ಟಿದ ಅಂಗಾಂಶ ಇದೆಯೇ ಎಂದು ನೋಡಿಯೇ ತೀರ್ಮಾನಿಸಬೇಕು.

ಇನ್ನೊಬ್ಬ ಸದಸ್ಯೆ
ನಮ್ಮ ಅತ್ತೆಗೆ ಗರ್ಭಕೋಶದ ಫೈಬ್ರಾಯ್ಡ್ ಇತ್ತು. ಬಿನೈನ್ ಅಂದರು, ಆದರೆ ರಕ್ತ ಹೋಗಿ ಹೋಗಿ ಹಾಸಿಗೆ ಹಿಡಿದರು. ಅದನ್ನು ನಿರಪಾಯ ಅಂತ ಹೇಗೆ ಬರೀತೀರಿ? ಹಾಗೇ ಬಿಟ್ಟಿದ್ದರೆ ಕ್ಯಾನ್ಸರ್ ಆಗುತ್ತಿತ್ತೇ?

ಪೆಥಾಲಜಿಸ್ಟ್
ಫೈಬ್ರಾಯ್ಡ್ ಕ್ಯಾನ್ಸರಿಗೆ ತಿರುಗುವುದು ತೀರಾ ಅಪರೂಪ ಅಮ್ಮ. ಆದರೆ ನಿಮ್ಮ ಆಕ್ಷೇಪ ಸರಿ. ಮೆದುಳಿನ ಪೊರೆಯಲ್ಲಿ ಹುಟ್ಟುವ ಮೆನಿಂಜಿಯೋಮಾ ಸಾಮಾನ್ಯವಾಗಿ ಬಿನೈನ್, ಹರಡುವುದಿಲ್ಲ. ಆದರೂ ತಲೆಬುರುಡೆಯೊಳಗೆ ಜಾಗವಿಲ್ಲದ ಕಾರಣ ಮೆದುಳನ್ನೇ ಒತ್ತಿ ಫಿಟ್ಸ್ ತರಬಹುದು, ಜೀವಕ್ಕೂ ಕುತ್ತಾಗಬಹುದು. ‘ನಿರಪಾಯ’ ಬೇಡ. ‘ಮಾರಕ’ವನ್ನೂ ನಾನು ಒಪ್ಪುವುದಿಲ್ಲ: ಕವಚವನ್ನು ಅಲ್ಪಸ್ವಲ್ಪ ದಾಟಿದ ಫಾಲಿಕ್ಯುಲರ್ ಕಾರ್ಸಿನೋಮಾ ಹೆಚ್ಚಾಗಿ ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುತ್ತದೆ. ಆ ರೋಗಿ ಕೈಪಿಡಿಯಲ್ಲಿ ‘ಮಾರಕ’ ಎಂದು ಓದುವುದು ಬೇಡ.

ಪ್ರಶ್ನೆ ಕೇಳಿದವರು
ಹಾಗಾದರೆ ‘ಹರಡದ ಗಡ್ಡೆ’, ‘ಹರಡುವ ಗಡ್ಡೆ’ ಎನ್ನಲೇ?

ಮೇಷ್ಟ್ರು
ಇನ್ನೂ ಹರಡದೆ ಇರುವಾಗಲೇ ಸಿಕ್ಕ ಕ್ಯಾನ್ಸರಿಗೆ? ‘ಹರಡಬಲ್ಲ’ ಎನ್ನಿ.

ಪೆಥಾಲಜಿಸ್ಟ್
ಚರ್ಮದ ಬೇಸಲ್ ಸೆಲ್ ಕಾರ್ಸಿನೋಮಾ ಬೇರೆ ಅಂಗಕ್ಕೆ ಹರಡುವುದು ಬಲು ವಿರಳ, ಇದ್ದಲ್ಲೇ ಮೂಗು, ರೆಪ್ಪೆಗಳನ್ನು ಕೊರೆದು ತಿನ್ನುತ್ತದೆ. ಅದೂ ಮ್ಯಾಲಿಗ್ನೆಂಟೇ. ನನಗೆ ‘ನುಗ್ಗುವ ಗಡ್ಡೆ’ ಹತ್ತಿರವೆನಿಸುತ್ತದೆ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ಹೇಳಿ.