ಬಡ್ತಿ ಪಡೆದ ಖರೀದಿ ಅಧಿಕಾರಿಗೆ ಅಭಿನಂದನೆ ತಿಳಿಸುವಾಗ ನಿಂತುಹೋದ ಕೊಟೇಶನ್ ವಿಷಯ ಎತ್ತುವುದು ಹೇಗೆ?

ರಟ್ಟುಪೆಟ್ಟಿಗೆ_ಹೂಟಗಳ್ಳಿ

ಎಲ್ಲರಿಗೂ ನಮಸ್ಕಾರ. ನಂಜನಗೂಡಿನ ಒಂದು ಆಹಾರ ಪದಾರ್ಥ ತಯಾರಿಕಾ ಕಾರ್ಖಾನೆಗೆ ಐದು ಪದರದ ರಟ್ಟಿನ ಪೆಟ್ಟಿಗೆಗಳನ್ನು ಪೂರೈಸಲು ಕಳೆದ ಆಗಸ್ಟ್‌ನಲ್ಲಿ ಕೊಟೇಶನ್ ಕೊಟ್ಟಿದ್ದೆ. ಸ್ಯಾಂಪಲ್ ಒಪ್ಪಿಗೆಯಾಯಿತು, ದರದ ಮಾತೂ ಬಹುತೇಕ ಮುಗಿಯಿತು. ಆಮೇಲೆ ಏನೂ ಇಲ್ಲ. ಮೇಲ್ ಕಳುಹಿಸಿದರೆ ಉತ್ತರವಿಲ್ಲ, ಫೋನ್ ಮಾಡಿದರೆ ಸಭೆಯಲ್ಲಿದ್ದೇನೆ ಎಂಬ ಸಂದೇಶ ಬರುತ್ತದೆ. ಈಗ ನಮ್ಮೊಡನೆ ವ್ಯವಹರಿಸುತ್ತಿದ್ದ ಮೇಡಂ ಅವರಿಗೇ ಬಡ್ತಿ ಸಿಕ್ಕಿದೆ ಎಂದು ಲಿಂಕ್ಡ್‌ಇನ್‌ನಲ್ಲಿ ನೋಡಿದೆ. ಅಭಿನಂದನೆ ತಿಳಿಸಿ, ಅದೇ ಪತ್ರದಲ್ಲಿ ನಮ್ಮ ಕೊಟೇಶನ್ನನ್ನೂ ನೆನಪಿಸಿದರೆ ತಪ್ಪಾಗುತ್ತದೆಯೇ? ಕೆಳಗಿನಂತೆ ಬರೆದಿದ್ದೇನೆ, ದಯವಿಟ್ಟು ತಿದ್ದಿಕೊಡಿ.

> ಮಾನ್ಯ ಮೇಡಂ, ತಮಗೆ ಬಡ್ತಿ ದೊರೆತ ವಿಷಯ ತಿಳಿದು ಅತೀವ ಸಂತೋಷವಾಯಿತು. ತಮ್ಮ ಹೊಸ ಜವಾಬ್ದಾರಿಯಲ್ಲಿ, ಬಹುಕಾಲದಿಂದ ಬಾಕಿ ಉಳಿದಿರುವ ನಮ್ಮ ಕೊಟೇಶನ್ ಶೀಘ್ರವಾಗಿ ಇತ್ಯರ್ಥವಾಗುವುದೆಂದು ನಂಬಿರುತ್ತೇವೆ.

ಮೇಟಗಳ್ಳಿ_ಪ್ರೆಸ್

ಪತ್ರ ಚೆನ್ನಾಗಿಯೇ ಇದೆ, ತಡಮಾಡದೆ ಕಳುಹಿಸಿ. ಬಡ್ತಿ ಸಿಕ್ಕಿತು ಎಂದರೆ ಅವರು ಸ್ವಂತವಾಗಿ ಮಂಜೂರು ಮಾಡಬಹುದಾದ ಮೊತ್ತವೂ ಏರಿತು ಎಂದೇ ಅರ್ಥ. ಮೊದಲು ಮೇಲಿನವರ ಸಹಿಗಾಗಿ ಕಾದಿದ್ದ ಕಡತಕ್ಕೆ ಈಗ ಅವರೇ ಸಹಿ ಹಾಕಬಹುದು. ಸಾಧ್ಯವಾದರೆ ಒಂದು ಡಬ್ಬಿ ಮೈಸೂರು ಪಾಕು ತೆಗೆದುಕೊಂಡು ಖುದ್ದಾಗಿ ಹೋಗಿ. ಮುಖ ನೋಡಿ ಆಗುವ ಕೆಲಸ ಮೇಲ್‌ನಿಂದ ಆಗುವುದಿಲ್ಲ.

ಹಳೇ_ಖರೀದಿ_ಮೇಜು

ನಾನು ಹಲವು ವರ್ಷ ಖರೀದಿ ವಿಭಾಗದ ಮೇಜಿನ ಆ ಬದಿಯಲ್ಲಿ ಕುಳಿತವನಾದ್ದರಿಂದ, ಉತ್ತರಕ್ಕೆ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಅವರಿಗೆ ಬಡ್ತಿ ಸಿಕ್ಕಿದ್ದು ಯಾವ ಹುದ್ದೆಗೆ, ಮತ್ತು ಅದು ನಂಜನಗೂಡಿನ ಕಾರ್ಖಾನೆಯಲ್ಲಿಯೇ? ಮಾತು ನಿಂತದ್ದು ಯಾವ ಅಂಶದ ಮೇಲೆ? “ಬಹುತೇಕ ಮುಗಿಯಿತು” ಎಂಬುದರಲ್ಲಿ ಆ “ಬಹುತೇಕ” ಏನೆಂದು ತಿಳಿಯದೆ ಪತ್ರ ತಿದ್ದಲು ಆಗುವುದಿಲ್ಲ.

ಮೈಸೂರು ಪಾಕಿನ ವಿಷಯ: ಅನೇಕ ದೊಡ್ಡ ಕಂಪನಿಗಳು ಪೂರೈಕೆದಾರರಿಂದ ಉಡುಗೊರೆ ಸ್ವೀಕರಿಸುವುದಿಲ್ಲವೆಂದು ದೀಪಾವಳಿಗೆ ಮೊದಲೇ ಪತ್ರ ಕಳುಹಿಸುತ್ತವೆ. ಬಾಕಿ ಕೊಟೇಶನ್ ಇರುವವರು ತಂದ ಸಿಹಿಯನ್ನು ಗೇಟಿನಲ್ಲೇ ಬಿಟ್ಟು ಬರಬೇಕಾಗುತ್ತದೆ, ಮುಜುಗರ ಅವರಿಗೂ ನಿಮಗೂ.

ಮೇಟಗಳ್ಳಿ_ಪ್ರೆಸ್

ಒಂದು ಡಬ್ಬಿ ಸಿಹಿಯನ್ನು ಲಂಚವೆಂದು ನೋಡುವ ಕಾಲ ಬಂತೆಂದರೆ ಏನು ಹೇಳುವುದು. ನಮ್ಮ ಕಡೆ ಶುಭ ಸುದ್ದಿಗೆ ಬರಿಗೈಯಲ್ಲಿ ಹೋಗುವ ಪದ್ಧತಿಯಿಲ್ಲ.

ಹಳೇ_ಖರೀದಿ_ಮೇಜು

ಮನೆಗೆ ಹೋಗುವಾಗ ಇಲ್ಲ, ಕಚೇರಿಗೆ ಹೋಗುವಾಗ ಇದೆ. ಈ ವಾದ ಇಲ್ಲಿಗೇ ಸಾಕು, ಮೂಲ ಪ್ರಶ್ನೆಗೆ ಉತ್ತರ ಬರಲಿ.

ಮಂಡ್ಯದ_ಆಲೆಮನೆ

ನನ್ನದೂ ಇದೇ ಸಮಸ್ಯೆ. ಮೈಸೂರಿನ ಒಂದು ಹೋಟೆಲಿಗೆ ಅಚ್ಚು ಬೆಲ್ಲ ಕೊಡುತ್ತೇನೆ. ಅಲ್ಲಿನ ಸ್ಟೋರ್ಸ್ ಮ್ಯಾನೇಜರ್‌ಗೆ ಬಡ್ತಿಯಾಗಿ ಬೇರೆ ಶಾಖೆಗೆ ಹೋದರು, ನನ್ನ ಎರಡು ಬಿಲ್ಲು ಹಾಗೆಯೇ ಉಳಿದಿವೆ. ಅಭಿನಂದನೆ ಹೇಳುವ ನೆಪದಲ್ಲಿ ಹಣ ಕೇಳಬಹುದೇ?

ಲೆಕ್ಕಪತ್ರ_ಸರಸ್ವತಿಪುರಂ

ಆಲೆಮನೆಯವರೇ, ನಿಮ್ಮದು ಬೇರೆಯೇ ವಿಷಯ. ಬರಬೇಕಾದ ಹಣ ಕೇಳಲು ಯಾವ ನೆಪವೂ ಬೇಡ. ಅಭಿನಂದನೆಯ ಹಿಂದೆ ಅಡಗಿಸಿದರೆ ನಿಮ್ಮ ಹಕ್ಕಿನ ಹಣವೇ ಅನುಗ್ರಹದಂತೆ ಕಾಣುತ್ತದೆ. ಬಿಲ್ಲು ಇರುವುದು ಹೋಟೆಲಿನ ಹೆಸರಿನಲ್ಲಿಯೇ ಹೊರತು ಆ ಮ್ಯಾನೇಜರ್ ಹೆಸರಿನಲ್ಲಲ್ಲ. ಹಾಗಾಗಿ ಲೆಕ್ಕಪತ್ರ ವಿಭಾಗಕ್ಕೆ ಬಿಲ್ ಸಂಖ್ಯೆ, ದಿನಾಂಕ ಹಾಕಿ ನೇರವಾಗಿ ಬರೆಯಿರಿ. ಉದ್ಯಮ್ ನೋಂದಣಿ ಇದ್ದರೆ ಅದರ ಸಂಖ್ಯೆಯನ್ನೂ ಸೇರಿಸಿ. ಹೆಚ್ಚಿನದಕ್ಕೆ ಬೇರೆ ಎಳೆ ತೆರೆದರೆ ಒಳ್ಳೆಯದು.

ರಟ್ಟುಪೆಟ್ಟಿಗೆ_ಹೂಟಗಳ್ಳಿ

ಹುದ್ದೆಯ ವಿಷಯ ಲಿಂಕ್ಡ್‌ಇನ್‌ನಲ್ಲಿಯೇ ಇದ್ದುದರಿಂದ ಬರೆಯಲಿಲ್ಲ. ಅವರು ಈಗ ಬೆಂಗಳೂರಿನ ಮುಖ್ಯ ಕಚೇರಿಯಲ್ಲಿ ಎಲ್ಲ ಕಾರ್ಖಾನೆಗಳ ಪ್ಯಾಕಿಂಗ್ ಸಾಮಗ್ರಿ ಖರೀದಿಯ ಮುಖ್ಯಸ್ಥರು. ನಂಜನಗೂಡಿನಲ್ಲಿ ಅವರ ಕೈಕೆಳಗಿದ್ದ ಯುವಕರೊಬ್ಬರು ಆ ಜಾಗಕ್ಕೆ ಬಂದಿದ್ದಾರೆ. ಮಾತು ನಿಂತದ್ದು ಉದ್ದರಿಯ ಮೇಲೆ. ಅವರು 90 ದಿನ ಕೇಳಿದರು, ನಾನು 45 ಎಂದೆ. ಪ್ರಮಾಣ ತಿಂಗಳಿಗೆ 8,000 ಪೆಟ್ಟಿಗೆ, ದರ ಪೆಟ್ಟಿಗೆಗೆ 38.50 ರೂಪಾಯಿ, ಜೊತೆಗೆ ಶೇ 12 ಜಿಎಸ್‌ಟಿ.

ಮೇಟಗಳ್ಳಿ_ಪ್ರೆಸ್

ಎಲ್ಲ ಕಾರ್ಖಾನೆಗಳ ಮುಖ್ಯಸ್ಥರೇ ಆಗಿದ್ದಾರಲ್ಲ! ನಾನು ಹೇಳಿದ್ದು ಅದನ್ನೇ. ಈಗ ಅವರ ಒಂದು ಮಾತು ಸಾಕು.

ಹಳೇ_ಖರೀದಿ_ಮೇಜು

ಅವರ ಮಾತಿಗೆ ತೂಕ ಬಂದಿದೆ ಎಂಬಷ್ಟು ಸರಿ. ಆದರೆ ಕಡತ ಅವರ ಮೇಜಿನಲ್ಲಿ ಇಲ್ಲ. ನಿಮ್ಮ ಪೆಟ್ಟಿಗೆಯ ಆರ್ಡರ್ ಹೊರಡಬೇಕಾದದ್ದು ನಂಜನಗೂಡಿನ ಆ ಯುವಕರಿಂದ. ಮೇಡಂ ಮೇಲಿನಿಂದ ಒತ್ತಿದರೆ ಅವರಿಗೆ ತಮ್ಮ ತಲೆಯ ಮೇಲಿಂದ ಹಾದುಹೋದಂತಾಗುತ್ತದೆ, ಮುಂದೆ ಪ್ರತಿ ಲಾರಿ ಸರಕು ತಪಾಸಣೆಯಲ್ಲಿ ತಡೆಯುವುದೂ ಅವರ ಕೈಯಲ್ಲಿಯೇ ಇರುತ್ತದೆ. ಮೇಡಂ ಅವರು ಮಾಡಬಹುದಾದ ಅತ್ಯಂತ ಸಹಜವಾದ ಕೆಲಸವೆಂದರೆ ನಿಮ್ಮ ಮೇಲನ್ನು “ದಯವಿಟ್ಟು ನೋಡಿ” ಎಂದು ಕೆಳಗೆ ಫಾರ್ವರ್ಡ್ ಮಾಡುವುದು.

ನೀವು ಬರೆದಿರುವ ಪತ್ರ ಎಡವುವುದು ಇಲ್ಲಿಯೇ. ಅಭಿನಂದನೆಯನ್ನೂ ವ್ಯವಹಾರವನ್ನೂ ಬೆರೆಸಬಾರದು ಎಂಬುದಕ್ಕೆ ಶಿಷ್ಟಾಚಾರ ಒಂದೇ ಕಾರಣವಲ್ಲ. ತಮ್ಮನ್ನು ಹೊಗಳಿದ ಪತ್ರವನ್ನು ಯಾವ ಅಧಿಕಾರಿಯೂ ಕಿರಿಯರಿಗೆ ಕಳುಹಿಸಲು ಇಷ್ಟಪಡುವುದಿಲ್ಲ. ಕಳುಹಿಸಿದರೆ ಹೊಗಳಿಸಿಕೊಂಡು ಶಿಫಾರಸು ಮಾಡಿದಂತೆ ಕಾಣುತ್ತದೆ. ಆದ್ದರಿಂದ ಬೆರೆಸಿದ ಪತ್ರಕ್ಕೆ ಒಂದು ಧನ್ಯವಾದ ಬರುತ್ತದೆ, ಕೊಟೇಶನ್ ಅಲ್ಲಿಯೇ ಉಳಿಯುತ್ತದೆ. “ಬಾಕಿ ಉಳಿದಿರುವ” ಎಂಬ ಮಾತು ಇನ್ನೂ ಕೆಟ್ಟದ್ದು. ಹಳೆಯ ಹುದ್ದೆಯಲ್ಲಿ ಕೆಲಸ ಉಳಿಸಿ ಹೋದಿರಿ ಎಂದು ಬಡ್ತಿಯ ದಿನವೇ ನೆನಪಿಸಿದಂತೆ.

ಅಭಿನಂದನೆಯನ್ನು ಈಗಲೇ, ವಾಟ್ಸಾಪ್‌ನಲ್ಲಿ ಅಥವಾ ಹೊಸ ಮೇಲ್ ಆಗಿ ಕಳುಹಿಸಿ. ಹಳೆಯ ಕೊಟೇಶನ್ ಮೇಲಿಗೆ ಉತ್ತರವಾಗಿ ಕಳುಹಿಸಿದರೆ ವಿಷಯದ ಸಾಲೇ ಗುಟ್ಟು ಬಿಟ್ಟುಕೊಡುತ್ತದೆ. ಲಿಂಕ್ಡ್‌ಇನ್ ತಾನೇ ಸೂಚಿಸುವ ಸಿದ್ಧ ವಾಕ್ಯವನ್ನು ಒತ್ತಬೇಡಿ, ಅಂಥವು ಅವರಿಗೆ ನೂರಾರು ಬಂದಿರುತ್ತವೆ. ಅವರು ಮಾಡಿದ ಕೆಲಸದಲ್ಲಿ ನೀವು ಕಣ್ಣಾರೆ ಕಂಡ ಒಂದು ಸಂಗತಿ ಇರಲಿ.

ರಟ್ಟುಪೆಟ್ಟಿಗೆ_ಹೂಟಗಳ್ಳಿ

ಸ್ಯಾಂಪಲ್ ತೆಗೆದುಕೊಂಡು ಹೋದಾಗ ಅವರು ಪೆಟ್ಟಿಗೆಯನ್ನು ಮೇಜಿನ ಮೇಲೆ ನೋಡಿ ಬಿಡಲಿಲ್ಲ. ಸರಕು ತುಂಬಿಸಿ ಏಳು ಸಾಲು ಎತ್ತರಕ್ಕೆ ಪೇರಿಸಿ, ಮಾರನೆಯ ದಿನ ಕೆಳಗಿನ ಪೆಟ್ಟಿಗೆಯ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿದ್ದರು. ಇದನ್ನು ಬರೆಯಬಹುದೇ?

ಹಳೇ_ಖರೀದಿ_ಮೇಜು

ಅದಕ್ಕಿಂತ ಒಳ್ಳೆಯದು ಸಿಗದು. ಹೀಗೆ ಬರೆಯಿರಿ:

> ಮೇಡಂ, ತಾವು ಪ್ಯಾಕಿಂಗ್ ಖರೀದಿಯ ಮುಖ್ಯಸ್ಥರಾದ ಸುದ್ದಿ ನೋಡಿದೆ, ಹೃತ್ಪೂರ್ವಕ ಅಭಿನಂದನೆಗಳು. ಪೆಟ್ಟಿಗೆಗಳನ್ನು ಪೇರಿಸಿ ಮಾರನೆಯ ದಿನ ಮೂಲೆ ಒತ್ತಿ ನೋಡಿದ ಖರೀದಿ ಅಧಿಕಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಕಣ್ಣು ಈಗ ಎಲ್ಲ ಕಾರ್ಖಾನೆಗಳಿಗೂ ಸಿಗುತ್ತಿರುವುದು ಸಂತೋಷ.

ಇಲ್ಲಿಗೆ ಮುಗಿಸಿ. ಕೊಟೇಶನ್ ಸಂಖ್ಯೆ, ಲಗತ್ತು, “ಭೇಟಿಯಾಗಲು ಬರಲೇ” ಯಾವುದೂ ಬೇಡ. ವ್ಯವಹಾರದ ಮೇಲ್ ಎರಡು ಮೂರು ವಾರ ಬಿಟ್ಟು ಹೋಗಲಿ.

ಲೆಕ್ಕಪತ್ರ_ಸರಸ್ವತಿಪುರಂ

ಆ ಎರಡನೆಯ ಮೇಲಿಗೆ ನಿಜವಾದ ಕಾರಣವೇ ನಿಮ್ಮ ಕೈಯಲ್ಲಿದೆ, ನೆನಪಿಸುವ ಅಗತ್ಯವೇ ಇಲ್ಲ. ನಿಮ್ಮ ಕೊಟೇಶನ್ ಆಗಸ್ಟ್ 2025ರದು. ಸೆಪ್ಟೆಂಬರ್ 22, 2025ರಿಂದ ರಟ್ಟಿನ ಪೆಟ್ಟಿಗೆಯ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಕ್ರಾಫ್ಟ್ ಪೇಪರ್ ಮೇಲಿನದು 12ರಿಂದ 18ಕ್ಕೆ ಏರಿದೆ. ಹಳೆಯ ಕೊಟೇಶನ್‌ನಲ್ಲಿರುವ ತೆರಿಗೆಯ ಸಾಲು ಈಗ ತಪ್ಪು. ಪರಿಷ್ಕೃತ ಕೊಟೇಶನ್ ಕಳುಹಿಸಲೇಬೇಕು.

ಉದ್ದರಿಯ ಮಾತಿಗೂ ಇದು ಸಂಬಂಧಿಸಿದೆ. ಉದಾಹರಣೆಗೆ, ಒಂದು ಪೆಟ್ಟಿಗೆಗೆ 24 ರೂಪಾಯಿಯ ಕಾಗದ ಹಿಡಿಯುತ್ತದೆ ಎಂದುಕೊಳ್ಳೋಣ. ಕಾಗದ ಕೊಳ್ಳುವಾಗ ನೀವು ಕಟ್ಟುವ ತೆರಿಗೆ 4.32 ರೂಪಾಯಿ, ಪೆಟ್ಟಿಗೆ ಮಾರುವಾಗ ವಸೂಲಾಗುವುದು 1.93ರ ಆಸುಪಾಸು. ಉಳಿದ ಸುಮಾರು 2.40 ರೂಪಾಯಿ ಮರುಪಾವತಿ ಅರ್ಜಿ ಹಾಕಿ ಬರುವವರೆಗೆ ನಿಮ್ಮದೇ ಹಣ ಸಿಕ್ಕಿಕೊಂಡಂತೆ. 8,000 ಪೆಟ್ಟಿಗೆಗೆ ತಿಂಗಳಿಗೆ 19,000 ರೂಪಾಯಿ ದಾಟುತ್ತದೆ. ಇದರ ಮೇಲೆ 90 ದಿನ ಉದ್ದರಿ ಕೊಟ್ಟರೆ ಮೂಲದರವನ್ನೇ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ನೀವು ಉದ್ಯಮ್‌ನಲ್ಲಿ ಸಣ್ಣ ಉತ್ಪಾದಕರಾಗಿ ನೋಂದಾಯಿಸಿದ್ದರೆ ಒಪ್ಪಂದದಲ್ಲಿಯೂ 45 ದಿನ ಮೀರುವಂತಿಲ್ಲ. ಮೀರಿದರೆ, ಆ ವರ್ಷದೊಳಗೆ ಹಣ ಕೊಡದಿದ್ದ ಪಕ್ಷದಲ್ಲಿ, ಅವರಿಗೆ ಆದಾಯ ತೆರಿಗೆಯಲ್ಲಿ ಆ ಖರ್ಚು ಕೊಟ್ಟ ವರ್ಷದಲ್ಲಷ್ಟೇ ಸಿಗುತ್ತದೆ.

ಮೇಟಗಳ್ಳಿ_ಪ್ರೆಸ್

ಕಾನೂನು ತೋರಿಸಿ ಆರ್ಡರ್ ತೆಗೆದುಕೊಂಡವರನ್ನು ನಾನು ನೋಡಿಲ್ಲ. ನಾನಂತೂ ಎಲ್ಲರಿಗೂ 90 ದಿನ ಕೊಡುತ್ತೇನೆ. ಯಾರಿಗೆ ಯಾವಾಗ ಫೋನ್ ಮಾಡಬೇಕೆಂಬುದಕ್ಕೆ ಎಕ್ಸೆಲ್‌ನಲ್ಲಿ ಬಣ್ಣ ಬಣ್ಣದ ಪಟ್ಟಿಯನ್ನೇ ಮಾಡಿದ್ದೇನೆ, ಬೇಕಾದವರಿಗೆ ಕಳುಹಿಸುತ್ತೇನೆ.

ಹಳೇ_ಖರೀದಿ_ಮೇಜು

ಕಾನೂನನ್ನು ಮೇಲಿನಲ್ಲಿ ಎತ್ತಬೇಡಿ ಎಂಬಲ್ಲಿ ಮಾತ್ರ ಅವರೊಂದಿಗೆ ಒಪ್ಪುತ್ತೇನೆ. ಅದು ಎದುರಾಬದುರು ಕುಳಿತಾಗ ಲೆಕ್ಕಪತ್ರದವರ ಮುಂದೆ ಆಡುವ ಮಾತು. ಮೇಲಿನಲ್ಲಿ ತೆರಿಗೆ ಬದಲಾವಣೆಯೊಂದೇ ಇರಲಿ. ನಾನು ಕನ್ನಡದಲ್ಲಿ ಬರೆಯುತ್ತೇನೆ, ಇಂಗ್ಲಿಷಿನಲ್ಲಿ ಹೋಗುವುದಾದರೂ ಇದೇ ಕ್ರಮ ಇರಲಿ.

> ಮೇಡಂ, ಐದು ಪದರದ ಪೆಟ್ಟಿಗೆಗೆ ಆಗಸ್ಟ್‌ನಲ್ಲಿ ಕೊಟ್ಟಿದ್ದ ನಮ್ಮ ಕೊಟೇಶನ್ ಜಿಎಸ್‌ಟಿ ಬದಲಾವಣೆಯಿಂದ ಈಗ ಚಾಲ್ತಿಯಲ್ಲಿಲ್ಲ. ಪರಿಷ್ಕೃತ ದರವನ್ನು ಲಗತ್ತಿಸಿದ್ದೇನೆ, ಇದು 30 ದಿನ ಊರ್ಜಿತ. ನಂಜನಗೂಡಿಗೆ ಈ ಪೆಟ್ಟಿಗೆಗಳನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆಂದು ತಿಳಿಸಿದರೆ ಅವರೊಂದಿಗೇ ಮುಂದುವರಿಯುತ್ತೇನೆ. ಈ ವರ್ಷ ಅಗತ್ಯವಿಲ್ಲವೆಂದಾದರೆ ಒಂದು ಸಾಲು ಸಾಕು.

ಇಲ್ಲಿ ಅಭಿನಂದನೆಯ ಸುಳಿವೂ ಇಲ್ಲ, ದೂರೂ ಇಲ್ಲ. ಹಾಗೆಯೇ ಫಾರ್ವರ್ಡ್ ಮಾಡಬಹುದು.

ಲೆಕ್ಕಪತ್ರ_ಸರಸ್ವತಿಪುರಂ

ಆ ಕೊನೆಯ ಸಾಲು ನನಗೆ ಹಿಡಿಸಲಿಲ್ಲ. ಬೇಡವೆನ್ನಲು ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಹಳೇ_ಖರೀದಿ_ಮೇಜು

ಬೇಡವೆನ್ನುವವರು ಮೌನದಿಂದಲೂ ಹೇಳುತ್ತಾರೆ, ಈಗಾಗಲೇ ಹಾಗೆಯೇ ನಡೆದಿದೆ. ಸಾಲು ಇದ್ದರೆ ಕನಿಷ್ಠ ಕಾಗದವನ್ನು ಬೇರೆ ಆರ್ಡರಿಗೆ ಬಳಸಿಕೊಳ್ಳಬಹುದು.

ರಟ್ಟುಪೆಟ್ಟಿಗೆ_ಹೂಟಗಳ್ಳಿ

ಅಭಿನಂದನೆ ಕಳುಹಿಸಿದೆ. ಸಂಜೆಯೇ ಉತ್ತರ ಬಂತು: “ಧನ್ಯವಾದಗಳು, ಆ ಪೆಟ್ಟಿಗೆ ಚೆನ್ನಾಗಿ ನಿಂತಿತ್ತು.” ಈಗಲೇ ಪರಿಷ್ಕೃತ ಕೊಟೇಶನ್ ಕಳುಹಿಸಿಬಿಡಲೇ?

ಮೇಟಗಳ್ಳಿ_ಪ್ರೆಸ್

ಖಂಡಿತ! ಅವರೇ ಪೆಟ್ಟಿಗೆಯ ಮಾತೆತ್ತಿದ್ದಾರೆ.

ಹಳೇ_ಖರೀದಿ_ಮೇಜು

ಅದೇ ಸಂಭಾಷಣೆಯಲ್ಲಿ ಮಾತ್ರ ಕಳುಹಿಸಬೇಡಿ. ಅವರಾಗಿಯೇ ಪೆಟ್ಟಿಗೆಯ ಪ್ರಸ್ತಾಪ ಮಾಡಿರುವುದರಿಂದ ಮೂರು ವಾರ ಕಾಯಬೇಕಿಲ್ಲ, ಬರುವ ವಾರ ಕಚೇರಿಯ ಮೇಲಿಗೆ ಕಳುಹಿಸಬಹುದು. ಉದ್ದರಿಯ ವಿಷಯದಲ್ಲಿ ನೀವು ಎಷ್ಟರವರೆಗೆ ಬಗ್ಗುತ್ತೀರಿ ಎಂಬುದನ್ನು ಅಷ್ಟರಲ್ಲಿ ತೀರ್ಮಾನಿಸಿಕೊಳ್ಳಿ. ಆ ಯುವಕರು ಫೋನ್ ಮಾಡಿದರೆ ಮೊದಲು ಕೇಳುವುದು ಅದನ್ನೇ.

ರಟ್ಟುಪೆಟ್ಟಿಗೆ_ಹೂಟಗಳ್ಳಿ

45 ಬಿಟ್ಟು ಕದಲುವ ಸ್ಥಿತಿಯಲ್ಲಿ ನಾನಿಲ್ಲ. ಸೋಮವಾರ ಕಳುಹಿಸುತ್ತೇನೆ, ಕೊನೆಯ ಸಾಲು ಇಡುವುದೋ ಬಿಡುವುದೋ ಇನ್ನೂ ಯೋಚಿಸುತ್ತಿದ್ದೇನೆ.