ಪದಚರ್ಚೆ: ಭಾಷಣದ ‘ಇದು’, ‘ಅಲ್ಲಿ’, ‘ಹೀಗೆ’ ಲೇಖನದಲ್ಲಿ ಏನಾಗಬೇಕು?

ಪ್ರಶ್ನೆ: ಕೆರೆಗಳ ಬಗ್ಗೆ ಆದ 40 ನಿಮಿಷದ ಉಪನ್ಯಾಸವನ್ನು ಬರಹಕ್ಕಿಳಿಸುತ್ತಿದ್ದೇನೆ. ಸ್ಲೈಡುಗಳೂ ಕೈಯಲ್ಲಿವೆ. ಧ್ವನಿಮುದ್ರಣದ ಒಂದು ವಾಕ್ಯ ಹೀಗಿದೆ: “ಇದು ತೂಬು ನೋಡಿ, ನೀರು ಇಲ್ಲಿಂದ ಹೀಗೆ ಬರತ್ತೆ, ಅದು ತುಂಬಿದ್ರೆ ಆ ಕಡೆಯಿಂದ ಹೋಗತ್ತೆ.” ‘ಬರತ್ತೆ’ಯನ್ನು ‘ಬರುತ್ತದೆ’ ಮಾಡಿದರೂ ಓದುವವರಿಗೆ ಏನೂ ತಿಳಿಯುತ್ತಿಲ್ಲ. ಇಂಥ ಪದಗಳಿಗೆ ಬರಹದಲ್ಲಿ ಏನು ಬಳಸುತ್ತೀರಿ?

ಉತ್ತರ 1: ‘ಇದು’ ಬಂದಲ್ಲೆಲ್ಲ ‘ಮೇಲಿನ ಚಿತ್ರದಲ್ಲಿರುವುದು’ ಅಂತ ಹಾಕಿ ಸರ್. ಸ್ಲೈಡನ್ನೇ ಚಿತ್ರವಾಗಿ ಸೇರಿಸಿದರೆ ಆಯಿತು.

ಉತ್ತರ 2: ಚಿತ್ರ ಕೊಡಬೇಕೆಂಬುದು ಸರಿ. ಆದರೆ ‘ಮೇಲಿನ’ ಬೇಡ, ಪುಟ ಕಟ್ಟುವಾಗ ಚಿತ್ರ ಕೆಳಗೋ ಪಕ್ಕದ ಪುಟಕ್ಕೋ ಹೋಗುತ್ತದೆ. ‘ಚಿತ್ರ 2’ ಎಂದು ಸಂಖ್ಯೆ ಕೊಡಿ. ಅಷ್ಟಕ್ಕೇ ನಿಲ್ಲಿಸಲೂಬಾರದು. ಆ ಒಂದು ವಾಕ್ಯದಲ್ಲಿ ಭಾಷಣಕಾರರು ಐದು ಸಲ ಬೆರಳು ತೋರಿಸಿದ್ದಾರೆ: ಇದು, ಇಲ್ಲಿಂದ, ಹೀಗೆ, ಅದು, ಆ ಕಡೆ. ‘ಅದು’ ಎಂದರೆ ಕೆರೆಯೋ, ತೂಬೋ, ಕಾಲುವೆಯೋ? ಸಭೆಯಲ್ಲಿ ಬೆರಳು ಉತ್ತರ ಹೇಳಿತ್ತು, ಕಾಗದದಲ್ಲಿ ನಾಮಪದವೇ ಹೇಳಬೇಕು. ನಾನಾದರೆ ಹೀಗೆ ಬರೆಯುತ್ತೇನೆ:

“ಏರಿಯ ಬುಡದಲ್ಲಿರುವ ತೂಬನ್ನು ತೆರೆದಾಗ ನೀರು ಕಾಲುವೆಗೆ ಇಳಿಯುತ್ತದೆ (ಚಿತ್ರ 2). ಕೆರೆ ತುಂಬಿದ ಮೇಲೆ ಬರುವ ನೀರು ಏರಿಯ ತುದಿಯಲ್ಲಿರುವ ಕೋಡಿಯ ಮೇಲೆ ಹರಿದುಹೋಗುತ್ತದೆ.”

ಏರಿ, ಕೋಡಿ ಎಂಬ ಪದಗಳು ಆಡಿದ ವಾಕ್ಯದಲ್ಲಿ ಇರಲೇ ಇಲ್ಲ, ಗಮನಿಸಿ. ಅವು ಸಿಗುವುದು ಸ್ಲೈಡಿನ ಚಿತ್ರದಲ್ಲಿ. ಹಾಗಾಗಿ ಧ್ವನಿಯನ್ನಷ್ಟೇ ಕೇಳಿಕೊಂಡು ಬರೆದರೆ ಅರ್ಧ ವಿಷಯ ಬಿಟ್ಟುಹೋಗುತ್ತದೆ. ಮೊದಲು ಯಾವ ನಿಮಿಷದಲ್ಲಿ ಯಾವ ಸ್ಲೈಡ್ ಇತ್ತೆಂದು ಪ್ರತಿಯ ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ತಿದ್ದಿದ ಮೇಲೆ ಚಿತ್ರಗಳನ್ನು ಮುಚ್ಚಿ, ಸಭೆಗೆ ಬಾರದ ಒಬ್ಬರಿಗೆ ಓದಿ ಹೇಳಿ. ಅವರು “ಯಾವುದು?” ಎಂದು ಕೇಳಿದ ಕಡೆಯೆಲ್ಲ ಬೆರಳು ಇನ್ನೂ ಉಳಿದಿದೆ. ‘ಈ ವರ್ಷ’, ‘ಮೊನ್ನೆ’ ಎಂಬವೂ ಇದೇ ಜಾತಿಯವು. ಇಸವಿ, ತಿಂಗಳು ಹಾಕಿ.

ಉತ್ತರ 3: ವಿಡಿಯೊದಲ್ಲಿ ‘ಇದು’ ಇದ್ದರೆ ತೊಂದರೆ ಏನು? ನಾವು ಒಂದು ಉಪನ್ಯಾಸವನ್ನು ಐದೈದು ನಿಮಿಷದ ತುಂಡು ಮಾಡಿದಾಗ ಕಾಡಿದ್ದು ‘ಆಗಲೇ ಹೇಳಿದೆನಲ್ಲ’ ಎಂಬುದು. ಹೇಳಿದ್ದು ಬೇರೆ ತುಂಡಿನಲ್ಲಿತ್ತು!

ಉತ್ತರ 2: ಕೇಳಿದ್ದು ಲೇಖನದ ಬಗ್ಗೆ ಮೇಡಂ. ಆದರೂ ವಿಡಿಯೊದಲ್ಲೂ ಇದೇ ತೊಡಕು ಬರುತ್ತದೆ. ಗೋಡೆಯ ಮೇಲೆ ಬಿಟ್ಟ ಲೇಸರ್ ಚುಕ್ಕಿ ಕಂಪ್ಯೂಟರಿನ ಪರದೆಯ ರೆಕಾರ್ಡಿಂಗಿನಲ್ಲಿ ಬರುವುದಿಲ್ಲ. ‘ಇದು’ ಕೇಳಿಸುತ್ತದೆ, ಯಾವುದೆಂದು ಕಾಣುವುದಿಲ್ಲ. ಎಡಿಟ್ ಮಾಡುವಾಗ ಆ ಕ್ಷಣಕ್ಕೆ ಬಾಣದ ಗುರುತು ಹಾಕಬೇಕು. ‘ಆಗಲೇ ಹೇಳಿದೆನಲ್ಲ’ ಬಂದಲ್ಲಿ ಆ ಮಾತನ್ನು ಕತ್ತರಿಸಿ, ಹಿಂದಿನ ವಿಷಯವನ್ನು ಒಂದು ಸಾಲಿನಲ್ಲಿ ಪರದೆಯ ಮೇಲೆ ಕೊಡಿ.

ಪ್ರಶ್ನೆ ಕೇಳಿದವರು: ಐದೂ ಬೆರಳು ಸಿಕ್ಕವು, ಧನ್ಯವಾದ. ‘ನೋಡಿ’ಯನ್ನು ಏನು ಮಾಡಲಿ?

ಉತ್ತರ 1: ಅದನ್ನು ಮುಟ್ಟಬೇಡಿ. ಮಾತಿನ ಸೊಗಸೇ ಅದರಲ್ಲಿದೆ.

ಉತ್ತರ 2: ಚಿತ್ರ ತೋರಿಸಲು ಬಂದ ‘ನೋಡಿ’ಯನ್ನು ತೆಗೆಯುತ್ತೇನೆ. “ನೋಡಿ, ಕೋಡಿ ಏರಿಗಿಂತ ತಗ್ಗಿನಲ್ಲಿರಲೇಬೇಕು” ಎಂದು ಒತ್ತಿ ಹೇಳಲು ಬಂದದ್ದನ್ನು ಉಳಿಸುತ್ತೇನೆ. ಕೆಲವು ಸಂಪಾದಕರು ಎರಡನ್ನೂ ಹೊಡೆದುಹಾಕುತ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ.