ಫೀ ಸೊನ್ನೆ ಅನ್ನುವ ಆಪ್‌ನಲ್ಲಿ 360 ರೂಪಾಯಿ ಎಲ್ಲಿ ಹೋಯ್ತು?

ಡೊಂಬಿವಲಿ ಅಕ್ಕ: ನನ್ನ ತಮ್ಮ ದುಬೈನಲ್ಲಿ ಎಸಿ ಮೆಕ್ಯಾನಿಕ್. ಪ್ರತಿ ತಿಂಗಳು 1500 ದಿರ್ಹಮ್ ಅಮ್ಮನ ಖಾತೆಗೆ ಹಾಕುತ್ತಾನೆ. ಮೊದಲು ಎಕ್ಸ್‌ಚೇಂಜ್ ಕೌಂಟರ್‌ಗೆ ಹೋಗಿ ಕಟ್ಟುತ್ತಿದ್ದ, ಈಗ ಮೊಬೈಲ್ ಆಪ್. ಫೀ ಸೊನ್ನೆ ಅಂತೆ. ಆಪ್‌ನಿಂದ ಮೊದಲ ಸಲ 36,000 ಬಂತು, ಎರಡನೇ ಸಲ 35,640. ಅವನು ಅಷ್ಟೇ ಕಳಿಸಿದ್ದೀನಿ ಅಂತಾನೆ. ಮಧ್ಯದಲ್ಲಿ ತಿಂದವರು ಯಾರು? ವಾಪಸ್ ಕೌಂಟರ್‌ಗೇ ಹೋಗು ಅನ್ನಲಾ? ಅನುಭವ ಇದ್ದವರು ಹೇಳಿ.

ಮುಲುಂಡ್ ಮಾವ: ಇದು ಇಲ್ಲಿನ ಬ್ಯಾಂಕಿನ ಕೆಲಸ ತಂಗಿ. ಹೊರದೇಶದ ದುಡ್ಡು ಬಂದರೆ ಜಿಎಸ್‌ಟಿ ಕತ್ತರಿಸುತ್ತಾರೆ. ನನ್ನ ಮಗ ಜರ್ಮನಿಯಿಂದ ಕಳಿಸಿದಾಗಲೂ ಕತ್ತರಿಸಿದ್ದರು. ಬ್ಯಾಂಕಿಗೆ ಹೋಗಿ ಗಲಾಟೆ ಮಾಡಿ.

ಕೌಂಟರ್ ಹಿಂದೆ ಏಳು ವರ್ಷ: ನಾನು ಬರ್ ದುಬೈನ ಒಂದು ಎಕ್ಸ್‌ಚೇಂಜ್‌ನಲ್ಲಿ ಏಳು ವರ್ಷ ಕೌಂಟರ್‌ನಲ್ಲಿದ್ದೆ, ಈಗ ಠಾಣೆಯಲ್ಲಿದ್ದೇನೆ. ಬ್ಯಾಂಕಿಗೆ ಹೋಗಿ ಗಲಾಟೆ ಮಾಡುವ ಮೊದಲು ಒಂದು ಕೆಲಸ ಮಾಡಿ. ಅಮ್ಮನ ಪಾಸ್‌ಬುಕ್ ತೆಗೆದು ಆ ಎಂಟ್ರಿ ನೋಡಿ. ನೆಫ್ಟ್ ಅಥವಾ ಐಎಂಪಿಎಸ್ ಅಂತ ಇದ್ದು, ಆಪ್ ರಸೀದಿಯಲ್ಲಿರುವ ರೂಪಾಯಿಯೇ ಪೈಸೆ ಸಮೇತ ಜಮಾ ಆಗಿದ್ದರೆ, ಇಲ್ಲಿನ ಬ್ಯಾಂಕ್ ಏನೂ ಮುಟ್ಟಿಲ್ಲ ಅಂತ ಅರ್ಥ. ಗಲ್ಫ್‌ನಿಂದ ಬರುವ ಇಂಥ ದುಡ್ಡು ಸಾಮಾನ್ಯವಾಗಿ ಅಲ್ಲೇ ರೂಪಾಯಿ ಆಗಿಬಿಡುತ್ತದೆ. ಅಲ್ಲಿನ ಎಕ್ಸ್‌ಚೇಂಜ್‌ಗಳು ಇಲ್ಲಿನ ಬ್ಯಾಂಕುಗಳಲ್ಲಿ ಮೊದಲೇ ರೂಪಾಯಿ ಇಟ್ಟಿರುತ್ತಾರೆ, ಅದರಿಂದ ನಿಮ್ಮ ಅಮ್ಮನಿಗೆ ಹಾಕುತ್ತಾರೆ.

ಮಾವ ಹೇಳಿದ್ದು ಪೂರ್ತಿ ಸುಳ್ಳಲ್ಲ. ದುಡ್ಡು ಯೂರೋ ಅಥವಾ ಡಾಲರ್ ಆಗಿಯೇ ಬಂದು, ಇಲ್ಲಿನ ಬ್ಯಾಂಕ್ ಅದನ್ನು ರೂಪಾಯಿ ಮಾಡಿದರೆ ಜಿಎಸ್‌ಟಿ ಬೀಳುತ್ತದೆ. ಆದರೆ ಅದು ಇಡೀ ಮೊತ್ತದ ಮೇಲಲ್ಲ. ಒಂದು ಲಕ್ಷದವರೆಗೆ ಮೊತ್ತದ ಶೇಕಡಾ ಒಂದನ್ನು ಲೆಕ್ಕಕ್ಕೆ ಹಿಡಿದು, ಅದರ ಮೇಲೆ 18 ಪರ್ಸೆಂಟ್. ಮೂವತ್ತಾರು ಸಾವಿರಕ್ಕೆ ಅರವತ್ತು ಚಿಲ್ಲರೆ ರೂಪಾಯಿ ಆಗುತ್ತದೆ, 360 ಆಗಲ್ಲ.

ಡೊಂಬಿವಲಿ ಅಕ್ಕ: ನೋಡಿದೆ. ಐಎಂಪಿಎಸ್ ಅಂತಲೇ ಇದೆ, ರಸೀದಿಯಲ್ಲೂ 35,640. ಅಂದ್ರೆ ಕಡಿಮೆ ಆಗಿದ್ದು ಅಲ್ಲೇ. ರಸೀದಿಯಲ್ಲಿ ರೇಟು 23.76 ಅಂತಿದೆ, ಫೀ 0.00.

ಕುಂದಾಪುರದವ, ಪುಣೆ: ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ನಾಲ್ವರು ನೇಪಾಳಿ ಹುಡುಗರಿದ್ದಾರೆ. ಒಬ್ಬ ಊರಿಗೆ 10,000 ಕಳಿಸಲು ಏಜೆಂಟನಿಗೆ ಕೊಟ್ಟ, ಅಲ್ಲಿ ಹೆಂಡತಿ ಕೈಗೆ 15,700 ನೇಪಾಳಿ ರೂಪಾಯಿ ಸಿಕ್ಕಿತು. ಏಜೆಂಟ್ ಕೇಳಿದರೆ ರೇಟು ಇಳಿದಿದೆ ಅಂದ. ಎಂತ ಇಳಿಯುವುದು ಮಾರಾಯ್ರೆ! ನಮ್ಮ ಒಂದು ರೂಪಾಯಿಗೆ ಅವರದ್ದು 1.60 ಅಂತ 1993ರಿಂದ ಕಟ್ಟಿಟ್ಟಿದ್ದಾರೆ. 16,000 ಸಿಗಬೇಕಿತ್ತು. ಈಗ ನಾನೇ ಕರೆದುಕೊಂಡು ಹೋಗಿ ಬ್ಯಾಂಕಿನಿಂದ ಹಾಕಿಸುತ್ತೇನೆ.

ಕೌಂಟರ್ ಹಿಂದೆ ಏಳು ವರ್ಷ: ಅಕ್ಕ ಕೇಳಿದ್ದು ದುಬೈ ಕತೆ, ಆದರೂ ನಿಮ್ಮ ಉದಾಹರಣೆ ಒಳ್ಳೇದಾಯ್ತು. ನೇಪಾಳದ್ದು ಕಟ್ಟಿಟ್ಟ ರೇಟು, ಆದ್ದರಿಂದ 300 ಹೋಗಿದ್ದು ತಕ್ಷಣ ಕಣ್ಣಿಗೆ ಬಿತ್ತು. ನಮ್ಮ ರೂಪಾಯಿ ಮತ್ತು ದಿರ್ಹಮ್ ನಡುವೆ ರೇಟು ದಿನಾ ಅಲ್ಲಾಡುತ್ತದೆ. ಆ ಅಲ್ಲಾಟದೊಳಗೆ ಮಾರ್ಜಿನ್ ಅಡಗಿಕೊಳ್ಳುತ್ತದೆ, 'ಇವತ್ತು ರೇಟು ಕಡಿಮೆ' ಅಂದರೆ ಯಾರೂ ಮತ್ತೆ ಕೇಳಲ್ಲ.

ಆದರೆ ಹಿಡಿಯಲು ಒಂದು ದಾರಿ ಇದೆ. ದಿರ್ಹಮ್ಮನ್ನು ಡಾಲರಿಗೆ ಕಟ್ಟಿದ್ದಾರೆ, ಒಂದು ಡಾಲರ್ ಅಂದರೆ 3.6725 ದಿರ್ಹಮ್. 1997ರಿಂದ ಅದು ಬದಲಾಗಿಲ್ಲ. ಹಾಗಾಗಿ ಆ ದಿನದ ಡಾಲರ್ ರೇಟನ್ನು 3.6725ರಿಂದ ಭಾಗಿಸಿದರೆ ಅಸಲು ರೇಟು ಸಿಕ್ಕಿಬಿಡುತ್ತದೆ. ಅಥವಾ ಸುಮ್ನೆ AED INR ಅಂತ ಹುಡುಕಿ. ಎರಡನೇ ಸಲ ಕಳಿಸಿದ ದಿನ ಡಾಲರ್ ಎಷ್ಟಿತ್ತು?

ಡೊಂಬಿವಲಿ ಅಕ್ಕ: 88.14 ತೋರಿಸುತ್ತಿದೆ. ಭಾಗಿಸಿದರೆ 24 ಬಂತು. ಮೊದಲ ಸಲ ಕಳಿಸಿದ ದಿನವೂ ಹತ್ತಿರ ಹತ್ತಿರ ಅಷ್ಟೇ ಇತ್ತು.

ಕೌಂಟರ್ ಹಿಂದೆ ಏಳು ವರ್ಷ: ಅಲ್ಲಿಗೆ ಸಿಕ್ಕಿತಲ್ವಾ. ಅಸಲು 24.00, ಕೊಟ್ಟಿದ್ದು 23.76. ದಿರ್ಹಮ್ಮಿಗೆ 24 ಪೈಸೆ, 1500ಕ್ಕೆ 360 ರೂಪಾಯಿ. ಫೀ ಅಂತ ಎಲ್ಲೂ ಬರೆಯದೆ ನೂರಕ್ಕೆ ಒಂದು ಇಟ್ಟುಕೊಂಡರು. ಮೋಸ ಅನ್ನಲ್ಲ, ಅವರೂ ವ್ಯಾಪಾರ ಮಾಡಬೇಕು, ಆ 24 ಬ್ಯಾಂಕುಗಳ ನಡುವಿನ ಸಗಟು ರೇಟು, ನಮ್ಮಂಥವರಿಗೆ ಅದು ಸಾಮಾನ್ಯವಾಗಿ ಸಿಗಲ್ಲ. ಅಳೆಯಲು ಮಾತ್ರ ಅದು. ಹಾಗಾದರೆ ಮೊದಲ ಸಲ ಪೂರ್ತಿ 24 ಹೇಗೆ ಸಿಕ್ಕಿತು? ಹೊಸ ಗಿರಾಕಿಗೆ ಮೊದಲ ವ್ಯವಹಾರಕ್ಕೆ ಮಾತ್ರ ಆ ರೇಟು ಕೊಡುತ್ತಾರೆ. ಆಫರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಓದುವವರು ಯಾರು? ಎರಡನೇ ಸಲದ ರೇಟೇ ಆ ಆಪ್‌ನ ನಿಜವಾದ ರೇಟು.

ವಾಸ್ಕೋದವಳು: ನಮ್ಮವರು ಮಸ್ಕತ್‌ನಲ್ಲಿದ್ದಾರೆ. ಅಲ್ಲಿ ಒಂದು ರಿಯಾಲಿಗೆ ರೂಪಾಯಿಗಟ್ಟಲೆ ಕಡಿಮೆ ಕೊಡುತ್ತಾರೆ, ನಿಮ್ಮದು 24 ಪೈಸೆ ಅಷ್ಟೇ, ನೀವೇ ಪುಣ್ಯವಂತರು 😀

ಕೌಂಟರ್ ಹಿಂದೆ ಏಳು ವರ್ಷ: ಇಲ್ಲ ಮೇಡಂ, ನೀವೇ ಪುಣ್ಯವಂತರು ಇರಬಹುದು. ಒಂದು ರಿಯಾಲ್ ಅಂದರೆ 2.60 ಡಾಲರ್. ಡಾಲರ್ 88.14 ಇದ್ದ ದಿನ ರಿಯಾಲ್ 229 ರೂಪಾಯಿ ಚಿಲ್ಲರೆ. ನಿಮಗೆ 228 ಸಿಕ್ಕಿದ್ದರೆ ಒಂದೂಕಾಲು ರೂಪಾಯಿ ಹೋಯ್ತು ಅನಿಸುತ್ತದೆ, ಆದರೆ ನೂರಕ್ಕೆ ಲೆಕ್ಕ ಹಾಕಿದರೆ ಅರ್ಧ ರೂಪಾಯಿ. ಅಕ್ಕನಿಗೆ ನೂರಕ್ಕೆ ಒಂದು ಹೋಗಿದೆ, ನಿಮ್ಮ ಎರಡರಷ್ಟು.

ಡೊಂಬಿವಲಿ ಅಕ್ಕ: ಹಾಗಾದರೆ ಕೌಂಟರೇ ವಾಸಿ ಅಲ್ವಾ? ತಮ್ಮ ಹೇಳಿದ, ಅಲ್ಲಿ ಅದೇ ದಿನ 23.90 ಇತ್ತಂತೆ. ಫೀ 20 ದಿರ್ಹಮ್, ಅದರ ಮೇಲೆ ವ್ಯಾಟ್.

ಕೌಂಟರ್ ಹಿಂದೆ ಏಳು ವರ್ಷ: ತಡೀರಿ, ಇಲ್ಲೇ ಎಲ್ಲರೂ ಎಡವೋದು. ರೇಟು ನೋಡಿ ಕೌಂಟರ್‌ಗೆ ಓಡುತ್ತಾರೆ, ಫೀ ಸೊನ್ನೆ ನೋಡಿ ಆಪ್‌ಗೆ ಓಡುತ್ತಾರೆ. ತಮ್ಮನ ಜೇಬಿನಿಂದ 1500 ಹೋದರೆ ಅಮ್ಮನ ಖಾತೆಗೆ ಎಷ್ಟು ಬೀಳುತ್ತದೆ, ಅದೊಂದನ್ನೇ ನೋಡಬೇಕು. ಫೀ 20, ಅದಕ್ಕೆ 5 ಪರ್ಸೆಂಟ್ ವ್ಯಾಟ್ ಒಂದು ದಿರ್ಹಮ್, ಒಟ್ಟು 21. ಉಳಿದಿದ್ದು 1479. ಅದನ್ನು 23.90ರಿಂದ ಗುಣಿಸಿದರೆ 35,348. ಆಪ್‌ನಿಂದ ಬಂದಿದ್ದು 35,640. ಅಂದರೆ ಅಷ್ಟು ಮಾರ್ಜಿನ್ ತಿಂದರೂ ಆಪ್‌ನಲ್ಲೇ 292 ರೂಪಾಯಿ ಜಾಸ್ತಿ.

ಈಗ ಅದೇ ತಮ್ಮ ಮೂರು ತಿಂಗಳದ್ದು ಸೇರಿಸಿ 4500 ಕಳಿಸಿದರೆ ಲೆಕ್ಕ ತಿರುಗುತ್ತದೆ. ಆಪ್‌ನಲ್ಲಿ 1,06,920. ಕೌಂಟರ್‌ನಲ್ಲಿ 4479ಕ್ಕೆ 1,07,048. ಯಾಕೆ ಅಂದರೆ ಫೀ ಒಂದೇ ಸಲ, ಎಷ್ಟು ಕಳಿಸಿದರೂ ಅದೇ 21. ಮಾರ್ಜಿನ್ ಹಾಗಲ್ಲ, ಮೊತ್ತ ಬೆಳೆದ ಹಾಗೆ ಅದೂ ಬೆಳೆಯುತ್ತದೆ. ನಿಮ್ಮ ಈ ಎರಡು ರೇಟಿಗೆ 3600 ದಿರ್ಹಮ್ ಹತ್ತಿರ ಎರಡೂ ಸಮ ಆಗುತ್ತವೆ. ಬೇರೆ ದಿನ ಬೇರೆ ರೇಟು, ಆಗ ಮತ್ತೆ ಹಾಕಿ ನೋಡಬೇಕು.

ಶಾರ್ಜಾ ರಿಟರ್ನ್: ಮೂರು ತಿಂಗಳು ಇಟ್ಟುಕೊಂಡು ಕಳಿಸಿ ಅಂತ ಹೇಳುವುದು ಸುಲಭ ಸರ್. ಮನೆ ಬಾಡಿಗೆ, ಅಮ್ಮನ ಔಷಧಿ ಮೂರು ತಿಂಗಳು ಕಾಯುತ್ತದಾ? ನೂರಿಪ್ಪತ್ತು ರೂಪಾಯಿಗೋಸ್ಕರ ಯಾರೂ ಹಾಗೆ ಮಾಡಲ್ಲ. ನಾನು ಹೇಳೋದು ಇಷ್ಟೇ, ತಿಂಗಳ ಒಂದನೇ ತಾರೀಕು ಕಳಿಸಬೇಡಿ. ಎಲ್ಲರ ಸಂಬಳ ಆಗಿರುತ್ತದೆ, ರೇಟು ಬೇಕಂತಲೇ ಇಳಿಸುತ್ತಾರೆ. ಹದಿನೈದರ ಹೊತ್ತಿಗೆ ಕಳಿಸಿ.

ಕೌಂಟರ್ ಹಿಂದೆ ಏಳು ವರ್ಷ: ಕಾಯುವ ಮಾತು ಒಪ್ಪಿದೆ. ಒಂದನೇ ತಾರೀಕಿನ ಮಾತು ನಾನೂ ಏಳು ವರ್ಷ ಕೇಳಿದ್ದೇನೆ, ನಮ್ಮ ಕೌಂಟರ್‌ನಲ್ಲಿ ನಾನು ಕಂಡಿಲ್ಲ. ಶನಿವಾರ ಭಾನುವಾರ ಮಾತ್ರ ನಿಜ. ಆಗ ಕರೆನ್ಸಿ ಮಾರುಕಟ್ಟೆ ಮುಚ್ಚಿರುತ್ತದೆ, ಸೋಮವಾರ ಬೆಳಿಗ್ಗೆ ರೂಪಾಯಿ ಎಲ್ಲಿ ತೆರೆಯುತ್ತದೋ ಅಂತ ನಾವು ರೇಟನ್ನು ಸ್ವಲ್ಪ ಬಿಗಿ ಹಿಡಿಯುತ್ತಿದ್ದೆವು.

ಶಾರ್ಜಾ ರಿಟರ್ನ್: ನೀವು ಕೌಂಟರ್‌ನ ಒಳಗಿದ್ದವರು, ಹಾಗೇ ಹೇಳ್ತೀರಿ. ಕ್ಯೂನಲ್ಲಿ ನಿಂತಿದ್ದು ನಾವು!

ಅಕ್ಕ, ಇನ್ನೊಂದು ವಿಷಯ. ಅಮ್ಮನ ಖಾತೆ ಹಳೇ ಸಿಂಡಿಕೇಟ್ ಬ್ಯಾಂಕಿನದ್ದಾ? ನಮ್ಮ ಕಡೆಯವರದ್ದು ಮುಂಬೈನಲ್ಲಿ ಅದು ಇಲ್ಲವೇ ವಿಜಯಾ ಬ್ಯಾಂಕೇ ಇರ್ತಿತ್ತಲ್ಲ. ಸಿಂಡಿಕೇಟು 2020ರಲ್ಲಿ ಕೆನರಾಗೆ ಸೇರಿತು, SYNB ಅಂತ ಶುರುವಾಗುವ ಐಎಫ್‌ಎಸ್‌ಸಿ ಕೋಡ್ 2021ರ ಜುಲೈನಿಂದ ನಿಂತುಹೋಯ್ತು. ನನ್ನ ಆಪ್‌ನಲ್ಲಿ ಹಳೇದೇ ಉಳಿದಿತ್ತು. 2000 ದಿರ್ಹಮ್ ಕಳಿಸಿದೆ, ನಾಲ್ಕು ದಿನ ಬಿಟ್ಟು ವಾಪಸ್ ಬಂತು, ನೋಡಿದರೆ 1966! ಹೋಗುವಾಗ ಒಂದು ರೇಟಿನಲ್ಲಿ ರೂಪಾಯಿ ಮಾಡಿ, ಬರುವಾಗ ಇನ್ನೊಂದು ರೇಟಿನಲ್ಲಿ ದಿರ್ಹಮ್ ಮಾಡಿದ್ದಾರೆ. ಎರಡೂ ಕಡೆ ಅವರಿಗೇ ಲಾಭ. ದುಡ್ಡು ಮನೆಗೆ ಮುಟ್ಟಲೇ ಇಲ್ಲ, 34 ದಿರ್ಹಮ್ ಹೋಯ್ತು. ಕೇಳಿದರೆ ನಿಯಮದಲ್ಲಿ ಬರೆದಿದೆ ಅಂದರು.

ಮುಲುಂಡ್ ಮಾವ: ಇಷ್ಟೆಲ್ಲ ತಲೆನೋವು ಯಾಕೆ? ಹುಂಡಿಯವರು 24ಕ್ಕಿಂತ ಜಾಸ್ತಿ ಕೊಡುತ್ತಾರೆ, ಮನೆ ಬಾಗಿಲಿಗೆ ತಂದುಕೊಡುತ್ತಾರೆ.

ಕೌಂಟರ್ ಹಿಂದೆ ಏಳು ವರ್ಷ: ಮಾವ, ದಯವಿಟ್ಟು ಬೇಡ. ಅದು ಕಾನೂನಿಗೆ ವಿರುದ್ಧ ಅನ್ನೋದು ಒಂದು ಕಡೆ ಇರಲಿ. ಈಗ ಹುಂಡಿಯವರು ಕೈಗೆ ಕೊಡೋದು ಕಡಿಮೆ, ಯಾರದೋ ಖಾತೆಯಿಂದ ಅಮ್ಮನ ಖಾತೆಗೆ ಹಾಕಿಸುತ್ತಾರೆ. ಆ ಯಾರದೋ ದುಡ್ಡು ಆನ್‌ಲೈನ್ ವಂಚನೆಯದಾಗಿದ್ದರೆ ಪೊಲೀಸರು ಅಮ್ಮನ ಖಾತೆಯನ್ನೂ ತಡೆಹಿಡಿಯುತ್ತಾರೆ. ಆಮೇಲೆ ಪಿಂಚಣಿ ದುಡ್ಡೂ ತೆಗೆಯಲು ಆಗಲ್ಲ.

ಡೊಂಬಿವಲಿ ಅಕ್ಕ: ಹುಂಡಿ ಗಿಂಡಿ ಬೇಡಪ್ಪ. ಅಮ್ಮನ ಖಾತೆ ಹಳೇ ವಿಜಯಾ ಬ್ಯಾಂಕಿನದ್ದು, ಕೋಡ್ ಬದಲಾಯಿಸಿ ಆಗಿದೆ. ನಿನ್ನೆ ರಾತ್ರಿ ತಮ್ಮನಿಗೆ ಈ ಲೆಕ್ಕ ಎಲ್ಲ ಹೇಳಿದೆ. ಅವರ ರೂಮಿನಲ್ಲಿ ಆರು ಜನ, ಎಲ್ಲರೂ ಒಟ್ಟಿಗೆ ಆಪ್ ತೆಗೆದು ನೋಡಿದರಂತೆ. ಅದೇ ಆಪ್, ಅದೇ ನಿಮಿಷ, ತಮ್ಮನಿಗೆ ಒಂದು ರೇಟು, 4000 ಹಾಕಿ ನೋಡಿದ ಕೇರಳದವನಿಗೆ ಐದು ಪೈಸೆ ಜಾಸ್ತಿ, ಆರು ತಿಂಗಳಿಂದ ಆಪ್ ತೆರೆಯದ ಬಿಹಾರಿ ಹುಡುಗನಿಗೆ ಎಲ್ಲರಿಗಿಂತ ಜಾಸ್ತಿ! ಇದು ಹೇಗೆ?

ಕೌಂಟರ್ ಹಿಂದೆ ಏಳು ವರ್ಷ: ಬಿಟ್ಟುಹೋದ ಗಿರಾಕಿಯನ್ನು ವಾಪಸ್ ಕರೆಯಲು ಇರಬೇಕು. ತಮ್ಮನ ಫೋನಿನಲ್ಲಿ ಎರಡು ಆಪ್ ಇಟ್ಟುಕೊಳ್ಳಲು ಹೇಳಿ, ಕಳಿಸುವ ಮುಂಚೆ ಎರಡರಲ್ಲೂ 1500 ಹಾಕಿ ಕೊನೆಯ ಪರದೆಯ ರೂಪಾಯಿ ನೋಡಲಿ. ಕನ್‌ಫರ್ಮ್ ಒತ್ತುವ ಮುಂಚಿನ ಆ ಪರದೆಯ ಸ್ಕ್ರೀನ್‌ಶಾಟ್ ನಿಮಗೂ ಒಂದು ಕಳಿಸಲಿ.

ಶಾರ್ಜಾ ರಿಟರ್ನ್: ಹದಿನೈದನೇ ತಾರೀಕು ಒಂದು ಸಲ ನೋಡಲಿ ಅಂತಲೂ ಹೇಳಿ. ಒಂದನೇ ತಾರೀಕಿನದ್ದನ್ನೂ ಇಲ್ಲಿ ಹಾಕಿ, ಯಾರ ಮಾತು ಸರಿ ನೋಡೋಣ.